ಕೊಟ್ಟ ತೆರಿಗೆಯನ್ನು ಮತ್ತೆ ಕಟ್ಟಬೇಕೆ?

ವ್ಯಾಪಾರಿಯೊಬ್ಬ ಸರಕು ಕೊಂಡ. ಬಿಲ್ಲಿನಲ್ಲಿ ನಮೂದಾಗಿದ್ದ ತೆರಿಗೆಯನ್ನೂ ಸೇರಿಸಿ ಪೂರ್ತಿ ಹಣವನ್ನು ಬ್ಯಾಂಕಿನ ಮೂಲಕ ಕೊಟ್ಟ. ಮಾರಿದವನು ಆ ತೆರಿಗೆಯನ್ನು ಸರ್ಕಾರಕ್ಕೆ ಕಟ್ಟಲಿಲ್ಲ. ಈಗ ಆ ಹಣವನ್ನು ಯಾರಿಂದ ವಸೂಲು ಮಾಡಬೇಕು? ಇಸಿದುಕೊಂಡು ಕಟ್ಟದವನಿಂದಲೇ ಎಂದು ಯಾರಿಗಾದರೂ ಅನಿಸುತ್ತದೆ. ನೋಟಿಸು ಮಾತ್ರ ಬಹಳಷ್ಟು ಸಲ ಕೊಂಡವನ ಹೆಸರಿಗೆ ಬರುತ್ತದೆ.

ತೆರಿಗೆ ಕಾನೂನನ್ನು ಹೊಸದಾಗಿ ಓದುವವರು ಈ ಒಂದು ವ್ಯಾಜ್ಯವನ್ನು ಬುಡದಿಂದ ತಿಳಿದುಕೊಂಡರೆ ಸರಕು ಮತ್ತು ಸೇವಾ ತೆರಿಗೆಯ ಮುಖ್ಯ ಯಂತ್ರಾಂಗವೆಲ್ಲ ಕಣ್ಣಿಗೆ ಕಟ್ಟುತ್ತದೆ. ತೆರಿಗೆ ಹೇಗೆ ಕೈಯಿಂದ ಕೈಗೆ ಸಾಗುತ್ತದೆ, ಎಲ್ಲಿ ತುಂಡಾಗುತ್ತದೆ, ತುಂಡಾದಾಗ ನಷ್ಟವನ್ನು ಯಾರು ಹೊರಬೇಕು ಎಂಬ ಮೂರೂ ಪ್ರಶ್ನೆಗಳು ಇದರೊಳಗೇ ಇವೆ.

ಸರಪಳಿಯ ಲೆಕ್ಕ

ಜಿಎಸ್‌ಟಿ ಜಾರಿಗೆ ಬಂದದ್ದು 2017ರ ಜುಲೈ 1ರಂದು. ಅದಕ್ಕೆ ದಾರಿ ಮಾಡಿಕೊಟ್ಟದ್ದು 2016ರ ಸಂವಿಧಾನದ 101ನೇ ತಿದ್ದುಪಡಿ. ಆ ತಿದ್ದುಪಡಿ ಸೇರಿಸಿದ 246ಎ ವಿಧಿಯ ಪ್ರಕಾರ ಒಂದೇ ಮಾರಾಟದ ಮೇಲೆ ಕೇಂದ್ರವೂ ರಾಜ್ಯವೂ ತೆರಿಗೆ ಹಾಕಬಹುದು. ಹಾಗಾಗಿ ರಾಜ್ಯದೊಳಗಿನ ಬಿಲ್ಲಿನಲ್ಲಿ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಎಂದು ಎರಡು ಸಾಲು ಇರುತ್ತವೆ. ಸರಕು ರಾಜ್ಯದ ಗಡಿ ದಾಟಿದರೆ ಐಜಿಎಸ್‌ಟಿ ಎಂಬ ಒಂದೇ ಸಾಲು.

ಒಂದು ಕಾಲ್ಪನಿಕ ಉದಾಹರಣೆ ತೆಗೆದುಕೊಳ್ಳೋಣ. ಶಿವಮೊಗ್ಗದ ಹತ್ತಿರ ಕಬ್ಬಿಣದ ಬೀರು ತಯಾರಿಸುವ ವರ್ಕ್‌ಶಾಪ್ ಇದೆ. ಅದರ ಮಾಲೀಕರು 2023ರ ಜನವರಿಯಲ್ಲಿ ಬೆಂಗಳೂರಿನ ಡೀಲರ್ ಒಬ್ಬರಿಂದ 10 ಲಕ್ಷ ರೂಪಾಯಿಯ ಸ್ಟೀಲ್ ಶೀಟು ತರಿಸಿದರು. ತೆರಿಗೆ ದರ ಶೇ 18. ಕೇಂದ್ರಕ್ಕೆ 90 ಸಾವಿರ, ರಾಜ್ಯಕ್ಕೆ 90 ಸಾವಿರ ಸೇರಿ ಬಿಲ್ಲಿನ ಮೇಲೆ 1,80,000 ರೂಪಾಯಿ ತೆರಿಗೆ. ಮಾಲೀಕರು ಒಟ್ಟು 11,80,000 ರೂಪಾಯಿ ಕೊಟ್ಟರು.

ಆ ಶೀಟುಗಳಿಂದ ಮಾಡಿದ ಬೀರುಗಳನ್ನು ಅವರು ಅಂಗಡಿಯೊಂದಕ್ಕೆ 16 ಲಕ್ಷಕ್ಕೆ ಮಾರಿದರು. ಇದರ ಮೇಲಿನ ತೆರಿಗೆ 2,88,000. ಇದಿಷ್ಟನ್ನೂ ಅವರು ಸರ್ಕಾರಕ್ಕೆ ನಗದಾಗಿ ಕಟ್ಟಬೇಕಾಗಿಲ್ಲ. ಶೀಟು ಕೊಳ್ಳುವಾಗ ಕೊಟ್ಟ 1,80,000ವನ್ನು ಕಳೆದು ಉಳಿದ 1,08,000 ಕಟ್ಟಿದರೆ ಸಾಕು. ಹೀಗೆ ಕಳೆಯುವ ಹಕ್ಕಿಗೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್, ಚಿಕ್ಕದಾಗಿ ಐಟಿಸಿ ಎನ್ನುತ್ತಾರೆ. ಅಂಗಡಿಯವರು ಬೀರುಗಳನ್ನು ಗ್ರಾಹಕರಿಗೆ 20 ಲಕ್ಷಕ್ಕೆ ಮಾರಿ 3,60,000 ತೆರಿಗೆ ಪಡೆದರು. ತಾವು ಕೊಟ್ಟಿದ್ದ 2,88,000ವನ್ನು ಕಳೆದು 72,000 ಕಟ್ಟಿದರು.

ಡೀಲರ್‌ನ ಹಂತದವರೆಗಿನ 1,80,000, ವರ್ಕ್‌ಶಾಪಿನ 1,08,000, ಅಂಗಡಿಯ 72,000 ಕೂಡಿಸಿದರೆ 3,60,000 ಆಗುತ್ತದೆ. ಕೊನೆಯ ಬೆಲೆಯಾದ 20 ಲಕ್ಷಕ್ಕೆ ಶೇ 18 ಅಂದರೂ ಇಷ್ಟೇ. ಪೂರ್ತಿ ಹೊರೆ ಬೀರು ಕೊಂಡ ಮನೆಯವರದು. ನಡುವಿನ ವ್ಯಾಪಾರಿಗಳು ತಂತಮ್ಮ ಹಂತದಲ್ಲಿ ಹೆಚ್ಚಿದ ಬೆಲೆಯ ಮೇಲಿನ ತೆರಿಗೆಯನ್ನು ಸಂಗ್ರಹಿಸಿ ತಲುಪಿಸುವವರು. ಐಟಿಸಿ ಸಿಕ್ಕರಷ್ಟೇ ಈ ಲೆಕ್ಕ ಕೂಡುತ್ತದೆ. ಒಂದು ಹಂತದಲ್ಲಿ ಐಟಿಸಿ ತಪ್ಪಿದರೆ ಅದೇ ಮೌಲ್ಯದ ಮೇಲೆ ಎರಡು ಸಲ ತೆರಿಗೆ ಬೀಳುತ್ತದೆ.

ತುಂಡಾಗುವ ಜಾಗ

ಬೆಂಗಳೂರಿನ ಡೀಲರ್ ತನ್ನ ಮಾರಾಟದ ವಿವರವನ್ನು ಫೆಬ್ರವರಿ 11ರೊಳಗೆ ಜಿಎಸ್‌ಟಿಆರ್-1ರಲ್ಲಿ ಸಲ್ಲಿಸಬೇಕು. ಆ ವಿವರದ ಆಧಾರದ ಮೇಲೆ ಪೋರ್ಟಲ್ 14ರಂದು ವರ್ಕ್‌ಶಾಪಿನ ಖಾತೆಯಲ್ಲಿ ಜಿಎಸ್‌ಟಿಆರ್-2ಬಿ ಎಂಬ ಪಟ್ಟಿಯನ್ನು ತಾನಾಗಿ ಸಿದ್ಧಪಡಿಸುತ್ತದೆ. ನಿಮಗೆ ಯಾರು ಯಾರು ಎಷ್ಟು ತೆರಿಗೆ ಹಾಕಿ ಮಾರಿದ್ದಾರೆ ಎಂದು ಅದು ತೋರಿಸುತ್ತದೆ. ಮಾಲೀಕರು ಅದನ್ನು ನೋಡಿ 20ರೊಳಗೆ ತಮ್ಮ ಜಿಎಸ್‌ಟಿಆರ್-3ಬಿ ಸಲ್ಲಿಸಿ ಐಟಿಸಿ ಪಡೆಯುತ್ತಾರೆ. ಡೀಲರ್ ಕೂಡ ತನ್ನ 3ಬಿ ಸಲ್ಲಿಸಿ ಹಣ ಕಟ್ಟಬೇಕಾದದ್ದು ಅದೇ 20ರೊಳಗೆ.

ತೊಂದರೆಯ ಮೂಲ ಇಲ್ಲಿದೆ. ಜಿಎಸ್‌ಟಿಆರ್-1 ಬರೀ ಹೇಳಿಕೆ. ಹಣ ಸಂದಾಯವಾಗುವುದು 3ಬಿಯಲ್ಲಿ. ಡೀಲರ್ ಮೊದಲನೆಯದನ್ನು ಸಲ್ಲಿಸಿ ಎರಡನೆಯದನ್ನು ಕೈಬಿಟ್ಟರೂ ವರ್ಕ್‌ಶಾಪಿನ ಪಟ್ಟಿಯಲ್ಲಿ 1,80,000 ಕಾಣಿಸುತ್ತದೆ. ಮಾಲೀಕರು ಐಟಿಸಿ ಪಡೆದೂ ಆಗಿರುತ್ತದೆ. ಸರ್ಕಾರಕ್ಕೆ ಮಾತ್ರ ಆ ಹಣ ಬಂದಿರುವುದಿಲ್ಲ.

ಸಿಜಿಎಸ್‌ಟಿ ಕಾಯ್ದೆಯ 16(2)ನೇ ಕಲಂ ಐಟಿಸಿಗೆ ಷರತ್ತುಗಳನ್ನು ಹಾಕುತ್ತದೆ. ಕೈಯಲ್ಲಿ ತೆರಿಗೆ ಬಿಲ್ಲಿರಬೇಕು, ಮಾರಿದವನು ಅದರ ವಿವರ ಸಲ್ಲಿಸಿರಬೇಕು, ಸರಕು ನಿಜವಾಗಿ ಬಂದಿರಬೇಕು, ಕೊಂಡವನು ತನ್ನ ರಿಟರ್ನ್ ಸಲ್ಲಿಸಿರಬೇಕು. ಇವುಗಳಲ್ಲಿ ಬಹುಪಾಲು ಕೊಂಡವನು ಮಾಡಬಹುದಾದ, ಇಲ್ಲವೇ ಕಣ್ಣಾರೆ ನೋಡಿ ತಿಳಿಯಬಹುದಾದ ಸಂಗತಿಗಳು. (ಸಿ) ಉಪಕಲಂ ಬೇರೆ ಬಗೆಯದು. ಆ ಮಾರಾಟದ ತೆರಿಗೆ ಸರ್ಕಾರಕ್ಕೆ ವಾಸ್ತವವಾಗಿ ಸಂದಾಯವಾಗಿರಬೇಕು, ನಗದಾಗಿ ಅಥವಾ ನ್ಯಾಯಬದ್ಧ ಐಟಿಸಿಯ ಮೂಲಕ, ಎಂದು ಅದು ಹೇಳುತ್ತದೆ. ಈ ಷರತ್ತನ್ನು ಪೂರೈಸಬೇಕಾದವನು ಮಾರಿದವನು. ಅದು ಮುರಿದರೆ ದಂಡ ತೆರಬೇಕಾದವನು ಕೊಂಡವನು.

ಅಧಿಕಾರಿಯ ನೋಟಿಸು ಬಂದರೆ ಲೆಕ್ಕ ಹೀಗಿರುತ್ತದೆ. ಐಟಿಸಿ ವಾಪಸು 1,80,000. ವರ್ಷಕ್ಕೆ ಶೇ 18ರಂತೆ ಬಡ್ಡಿ 32,400, ಎರಡು ವರ್ಷಕ್ಕೆ 64,800. ವಂಚನೆಯ ಆರೋಪವಿಲ್ಲದ 73ನೇ ಕಲಮಿನ ಪ್ರಕರಣವಾದರೂ ದಂಡ ತೆರಿಗೆಯ ಶೇ 10 ಅಥವಾ 10,000 ರೂಪಾಯಿ, ಇವೆರಡರಲ್ಲಿ ಹೆಚ್ಚಿನದು; ಕೇಂದ್ರ, ರಾಜ್ಯ ಎರಡೂ ಕಾಯ್ದೆಗಳಡಿ ತಲಾ 10,000, ಅಂದರೆ 20,000. ಒಟ್ಟು 2,64,800 ರೂಪಾಯಿ. ಇದು ಒಮ್ಮೆ ಡೀಲರ್ ಕೈಗೆ ಕೊಟ್ಟ ತೆರಿಗೆಯ ಮೇಲೆ ಮತ್ತೆ ಕಟ್ಟುವ ಹಣ. 2024-25ರಿಂದ ಈಚಿನ ವರ್ಷಗಳಿಗೆ 73 ಮತ್ತು 74ನೇ ಕಲಮುಗಳ ಬದಲು 74ಎ ಕಲಂ ಬಂದಿದೆ. ಹಾಗಾಗಿ ನೋಟಿಸು ಕೈಗೆ ಬಂದಾಗ ಮೊದಲು ನೋಡಬೇಕಾದದ್ದು ಅದು ಯಾವ ಹಣಕಾಸು ವರ್ಷದ್ದು ಎಂಬುದನ್ನು.

ಇಲಾಖೆಯ ವಾದಕ್ಕೂ ತಿರುಳಿದೆ

ಇಲಾಖೆಯದು ಬರೀ ಹಟ ಎಂದು ತಳ್ಳಿಹಾಕುವ ಮೊದಲು ಅದರ ಅತ್ಯಂತ ಗಟ್ಟಿಯಾದ ವಾದವನ್ನು ಕೇಳಬೇಕು. ನಮ್ಮ ವರ್ಕ್‌ಶಾಪಿನವರು ಬೀರುಗಳನ್ನು ಗೋವಾದ ಅಂಗಡಿಗೆ ಮಾರಿದ್ದರು ಎಂದುಕೊಳ್ಳಿ. ಆಗ ಅವರು ಐಜಿಎಸ್‌ಟಿ ಕಟ್ಟಬೇಕು. ಅದಕ್ಕೆ ತಮ್ಮಲ್ಲಿರುವ ಕರ್ನಾಟಕದ 90 ಸಾವಿರ ಎಸ್‌ಜಿಎಸ್‌ಟಿ ಕ್ರೆಡಿಟನ್ನು ಬಳಸಬಹುದು. ಹಾಗೆ ಬಳಸಿದಾಗ ಕರ್ನಾಟಕ ಸರ್ಕಾರ ಅಷ್ಟು ಹಣವನ್ನು ಐಜಿಎಸ್‌ಟಿ ಖಾತೆಗೆ ವರ್ಗಾಯಿಸಬೇಕಾಗುತ್ತದೆ. ಜಿಎಸ್‌ಟಿ ಕೊನೆಗೆ ಸೇರಬೇಕಾದದ್ದು ಸರಕು ಬಳಕೆಯಾಗುವ ರಾಜ್ಯಕ್ಕೆ. ಡೀಲರ್ ಹಣ ಕಟ್ಟಿಲ್ಲವಾದ್ದರಿಂದ ಕರ್ನಾಟಕಕ್ಕೆ ಆ 90 ಸಾವಿರ ಬಂದೇ ಇಲ್ಲ. ಬಾರದ ಹಣವನ್ನು ಖಜಾನೆಯಿಂದ ತೆಗೆದು ಕೊಡಬೇಕು.

ಕೇರಳ ಹೈಕೋರ್ಟ್ 2024ರ ಜೂನ್‌ನಲ್ಲಿ ಎಂ. ಟ್ರೇಡ್ ಲಿಂಕ್ಸ್ ಪ್ರಕರಣದಲ್ಲಿ 16(2)(ಸಿ) ಸಂವಿಧಾನಬದ್ಧವೆಂದು ಎತ್ತಿಹಿಡಿದಾಗ ರಾಜ್ಯಗಳ ನಡುವಿನ ಈ ಹಣದ ಹರಿವೂ ಅದರ ತರ್ಕದಲ್ಲಿತ್ತು. ಐಟಿಸಿ ಎಂಬುದು ಕಾಯ್ದೆ ಕೊಡುವ ಹಕ್ಕು, ಕಾಯ್ದೆ ಹಾಕಿದ ಷರತ್ತಿಗೆ ಒಳಪಟ್ಟೇ ಅದು ಸಿಗುತ್ತದೆ ಎಂಬ ನಿಲುವು ಇದರ ಬೆನ್ನಿಗಿದೆ. ವ್ಯಾಟ್ ಕಾಲದಿಂದಲೂ ಸುಪ್ರೀಂ ಕೋರ್ಟ್ ಇದೇ ಮಾತು ಹೇಳುತ್ತ ಬಂದಿದೆ. ತಮಿಳುನಾಡಿನ ಜಯಂ ಅಂಡ್ ಕಂಪನಿ ಪ್ರಕರಣದ 2016ರ ತೀರ್ಪು ಅದಕ್ಕೊಂದು ಉದಾಹರಣೆ.

ಎರಡನೆಯ ವಾದ ನಕಲಿ ಬಿಲ್ಲುಗಳದು. ಸರಕೇ ಇಲ್ಲದೆ ಬಿಲ್ಲು ಮಾತ್ರ ಮಾರುವ ಜಾಲಗಳಿವೆ. ನೋಂದಣಿ ಪಡೆದು, ಕೆಲವು ತಿಂಗಳು ಬಿಲ್ಲು ಹರಿದುಕೊಟ್ಟು, ಮಾಯವಾಗುವ ಸಂಸ್ಥೆಗಳಿಂದ ಬಿಲ್ಲು ಕೊಂಡವನೂ ತಾನು ಪ್ರಾಮಾಣಿಕ ಎಂದೇ ಹೇಳುತ್ತಾನೆ. ಹಣ ಬಂದಿದೆಯೇ ಎಂದು ನೋಡುವ ಷರತ್ತು ಇಲ್ಲದಿದ್ದರೆ ಇಂಥವರನ್ನು ಹಿಡಿಯುವುದು ಕಷ್ಟ ಎನ್ನುತ್ತದೆ ಇಲಾಖೆ.

ಕೊಂಡವನ ಪರ ನಿಂತ ತೀರ್ಪುಗಳು

ದೆಹಲಿಯ ವ್ಯಾಟ್ ಕಾಯ್ದೆಯಲ್ಲೂ ಇಂಥದೇ ಷರತ್ತು 9(2)(ಜಿ) ಕಲಮಿನಲ್ಲಿತ್ತು. 2017ರ ಅಕ್ಟೋಬರ್‌ನಲ್ಲಿ ದೆಹಲಿ ಹೈಕೋರ್ಟ್ ಕ್ವೆಸ್ಟ್ ಮರ್ಚಂಡೈಸಿಂಗ್ ಪ್ರಕರಣದಲ್ಲಿ ಅದನ್ನು ಪೂರ್ತಿ ರದ್ದು ಮಾಡದೆ ಅದರ ವ್ಯಾಪ್ತಿಯನ್ನು ಕುಗ್ಗಿಸಿ ಓದಿತು. ಮಾರಾಟಗಾರನ ಜೊತೆ ಶಾಮೀಲಾದವನನ್ನೂ, ನೋಂದಾಯಿತ ಡೀಲರ್‌ನಿಂದ ಸರಿಯಾದ ಬಿಲ್ಲು ಪಡೆದು ಪ್ರಾಮಾಣಿಕವಾಗಿ ಕೊಂಡವನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸಮಾನತೆಯ 14ನೇ ವಿಧಿಗೆ ವಿರುದ್ಧ ಎಂಬುದು ಅದರ ಕಾರಣ. ಅಸಾಧ್ಯವಾದದ್ದನ್ನು ಮಾಡೆಂದು ಕಾನೂನು ಕೇಳಬಾರದು. ಡೀಲರ್‌ನ ಲೆಕ್ಕಪುಸ್ತಕ ತೆರೆದು ನೋಡುವ ಅಧಿಕಾರ ಕೊಂಡವನಿಗಿಲ್ಲ. 2025ರ ಅಕ್ಟೋಬರ್‌ನಲ್ಲಿ ಶಾಂತಿ ಕಿರಣ್ ಇಂಡಿಯಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದೇ ದೆಹಲಿ ವ್ಯಾಟ್ ಕಾಯ್ದೆಯಡಿ ಪ್ರಾಮಾಣಿಕ ಖರೀದಿದಾರರ ಪರವಾಗಿ ನಿಂತಿತು. ಅಲ್ಲಿ ಮಾರಿದವರು ವ್ಯವಹಾರದ ದಿನ ನೋಂದಾಯಿತರೇ ಆಗಿದ್ದರು, ಅವರ ನೋಂದಣಿ ರದ್ದಾದದ್ದು ಆಮೇಲೆ.

ಜಿಎಸ್‌ಟಿ ಅಡಿಯಲ್ಲೇ 2021ರಲ್ಲಿ ಮದ್ರಾಸ್ ಹೈಕೋರ್ಟ್ ಡಿ.ವೈ. ಬೀಥೆಲ್ ಪ್ರಕರಣದಲ್ಲಿ ಮಾರಿದವನ ಮೇಲೆ ಕ್ರಮ ಯಾಕಿಲ್ಲ ಎಂದು ಅಧಿಕಾರಿಗಳನ್ನು ಕೇಳಿತು. 2023ರ ಆಗಸ್ಟ್‌ನಲ್ಲಿ ಕಲ್ಕತ್ತಾ ಹೈಕೋರ್ಟ್ ಸನ್‌ಕ್ರಾಫ್ಟ್ ಎನರ್ಜಿ ಪ್ರಕರಣದಲ್ಲಿ ಮೊದಲು ಮಾರಿದವನ ಬೆನ್ನು ಹತ್ತಿ, ಅಸಾಧಾರಣ ಸಂದರ್ಭದಲ್ಲಷ್ಟೇ ಕೊಂಡವನ ಬಳಿಗೆ ಬನ್ನಿ ಎಂದಿತು. ಆ ವರ್ಷದ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇಲಾಖೆಯ ವಿಶೇಷ ಅನುಮತಿ ಅರ್ಜಿಯನ್ನು ವಜಾ ಮಾಡಿತು.

ವಿದ್ಯಾರ್ಥಿಗಳು ಎಡವುವುದು ಇಂಥ ಕಡೆ. ಆ ವಜಾ ಆದೇಶ ಪ್ರಕರಣದ ಸಂಗತಿಗಳನ್ನೂ ಬೇಡಿಕೆಯ ಮೊತ್ತ ಚಿಕ್ಕದೆಂಬುದನ್ನೂ ನೋಡಿ ಬಂದದ್ದು. ಅಪೀಲಿಗೆ ಅನುಮತಿಯನ್ನೇ ಕೊಡದೆ ಅರ್ಜಿ ವಜಾ ಮಾಡಿದಾಗ ಹೈಕೋರ್ಟಿನ ತೀರ್ಪು ಸುಪ್ರೀಂ ಕೋರ್ಟಿನ ತೀರ್ಪಿನಲ್ಲಿ ವಿಲೀನವಾಗುವುದಿಲ್ಲ ಎಂದು 2000ದ ಕುಂಞಯಮ್ಮದ್ ಪ್ರಕರಣದಲ್ಲಿ ಆ ನ್ಯಾಯಾಲಯವೇ ಹೇಳಿದೆ. ಆದ್ದರಿಂದ ಸುಪ್ರೀಂ ಕೋರ್ಟ್ ಸನ್‌ಕ್ರಾಫ್ಟನ್ನು ಒಪ್ಪಿದೆ ಎಂದು ವಾದಿಸಿದರೆ ಎದುರಿನ ವಕೀಲರು ಒಂದೇ ಮಾತಿನಲ್ಲಿ ಅದನ್ನು ಕೆಡವಬಲ್ಲರು. ವ್ಯಾಟ್ ಕಾಯ್ದೆಯಡಿಯ ತೀರ್ಪನ್ನು ಜಿಎಸ್‌ಟಿಗೆ ತರುವಾಗಲೂ ಎರಡು ಕಾಯ್ದೆಗಳ ಪದಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಬೇಕು.

ಕರ್ನಾಟಕದ ಕಾಫಿ ಪ್ರಕರಣ

ನಮ್ಮ ರಾಜ್ಯದಿಂದಲೇ ಸುಪ್ರೀಂ ಕೋರ್ಟಿಗೆ ಹೋದ ಒಂದು ವ್ಯಾಜ್ಯ ಈ ಚರ್ಚೆಯ ಇನ್ನೊಂದು ಮುಖವನ್ನು ತೋರಿಸುತ್ತದೆ. ಎಕಾಮ್ ಗಿಲ್ ಕಾಫಿ ಟ್ರೇಡಿಂಗ್ ಎಂಬ ಕಂಪನಿ ಕಾಫಿ ಬೀಜ ಕೊಂಡು ಕರ್ನಾಟಕ ಮೌಲ್ಯವರ್ಧಿತ ತೆರಿಗೆ ಕಾಯ್ದೆಯಡಿ ಕ್ರೆಡಿಟ್ ಪಡೆದಿತ್ತು. ಅಧಿಕಾರಿಗಳು ಪರಿಶೀಲಿಸಿದಾಗ ಮಾರಿದವರೆನಿಸಿಕೊಂಡವರಲ್ಲಿ ಕೆಲವರ ನೋಂದಣಿ ರದ್ದಾಗಿತ್ತು, ಕೆಲವರು ಅಂಥ ಮಾರಾಟವನ್ನೇ ಅಲ್ಲಗಳೆದರು. ಬಿಲ್ಲಿದೆ, ಚೆಕ್ಕಿನಲ್ಲಿ ಹಣ ಕೊಟ್ಟಿದ್ದೇವೆ ಎಂಬುದು ಕಂಪನಿಯ ಉತ್ತರ. ಹೈಕೋರ್ಟ್ ಅದನ್ನು ಒಪ್ಪಿತು.

2023ರ ಮಾರ್ಚ್ 13ರಂದು ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಿರುಗಿಸಿತು. ಕಾಯ್ದೆಯ 70ನೇ ಕಲಂ ಕ್ರೆಡಿಟ್ ಕೇಳುವವನ ಮೇಲೆಯೇ ರುಜುವಾತಿನ ಹೊಣೆ ಹೊರಿಸುತ್ತದೆ. ಬಿಲ್ಲು ಮತ್ತು ಚೆಕ್ಕು ತೋರಿಸಿದ ಮಾತ್ರಕ್ಕೆ ಆ ಹೊಣೆ ತೀರುವುದಿಲ್ಲ. ಸರಕು ನಿಜವಾಗಿ ಸಾಗಿ ಬಂದಿದೆ ಎಂದು ತೋರಿಸಬೇಕು. ಮಾರಿದವನ ಹೆಸರು ವಿಳಾಸ, ಸರಕು ತಂದ ವಾಹನದ ಸಂಖ್ಯೆ, ಬಾಡಿಗೆ ಕೊಟ್ಟ ದಾಖಲೆ, ಸರಕು ಮುಟ್ಟಿದ್ದಕ್ಕೆ ರಸೀತಿ ಇವೆಲ್ಲ ಬೇಕು ಎಂದು ನ್ಯಾಯಾಲಯ ಹೇಳಿತು. ಜಿಎಸ್‌ಟಿ ಕಾಯ್ದೆಯ 155ನೇ ಕಲಂ ಕೂಡ ಇದೇ ಹೊಣೆಯನ್ನು ಐಟಿಸಿ ಕೇಳುವವನ ಮೇಲಿಡುತ್ತದೆ. ಹಾಗಾಗಿ ಇಲಾಖೆಯ ಆದೇಶಗಳಲ್ಲಿ ಈ ತೀರ್ಪಿನ ಉಲ್ಲೇಖ ಮೇಲಿಂದ ಮೇಲೆ ಬರುತ್ತದೆ.

ಈ ತೀರ್ಪು ಉತ್ತರಿಸಿದ ಪ್ರಶ್ನೆ ಯಾವುದು ಎಂಬುದನ್ನು ಗಮನಿಸಬೇಕು. ಕಾಫಿ ಪ್ರಕರಣದ ಪ್ರಶ್ನೆ, ಮಾರಾಟ ನಡೆದದ್ದು ನಿಜವೇ ಎಂಬುದು. ಅದು ಸಂಗತಿಯ ಪ್ರಶ್ನೆ. ದೆಹಲಿಯ ಪ್ರಕರಣದ ಪ್ರಶ್ನೆ, ಮಾರಾಟ ನಿಜವೇ ಆಗಿದ್ದು ಮಾರಿದವನು ಮಾತ್ರ ತೆರಿಗೆ ಕಟ್ಟದಿದ್ದರೆ ಏನು ಎಂಬುದು. ಅದು ಕಾನೂನಿನ ಪ್ರಶ್ನೆ. ಮೊದಲನೆಯದರಲ್ಲಿ ಸೋತವನಿಗೆ ಎರಡನೆಯದನ್ನು ಕೇಳುವ ಹಕ್ಕೇ ಹುಟ್ಟುವುದಿಲ್ಲ. ಮೊದಲನೆಯದರಲ್ಲಿ ಗೆದ್ದವನಿಗೆ ಕಾಫಿ ಪ್ರಕರಣ ಅಡ್ಡ ಬರಬಾರದು. ಎಷ್ಟೋ ಆದೇಶಗಳಲ್ಲಿ ಈ ಎರಡನ್ನೂ ಕಲಸಿಬಿಡುತ್ತಾರೆ. ಡೀಲರ್ ತೆರಿಗೆ ಕಟ್ಟಿಲ್ಲ, ಆದ್ದರಿಂದ ವ್ಯವಹಾರವೇ ಸುಳ್ಳು ಎಂದು ಬರೆಯುತ್ತಾರೆ. ತೆರಿಗೆ ಕಟ್ಟದಿರುವುದು ಸುಳ್ಳು ವ್ಯವಹಾರದ ಸೂಚನೆಯಾಗಬಹುದು, ರುಜುವಾತಾಗದು.

ಕಡತದಲ್ಲಿ ಏನಿರಬೇಕು?

ನಮ್ಮ ವರ್ಕ್‌ಶಾಪಿಗೆ ಹಿಂತಿರುಗೋಣ. ಡೀಲರ್ ಜನವರಿಯ 3ಬಿ ಸಲ್ಲಿಸಿಲ್ಲ ಎಂಬುದನ್ನು ಮಾಲೀಕರು ಮೊದಲೇ ತಿಳಿಯಬಹುದಿತ್ತು. ಪೋರ್ಟಲಿನಲ್ಲಿ ಯಾರದೇ ಜಿಎಸ್‌ಟಿ ಸಂಖ್ಯೆ ಹಾಕಿ ಅವರು ಯಾವ ತಿಂಗಳ ರಿಟರ್ನ್ ಸಲ್ಲಿಸಿದ್ದಾರೆ ಎಂದು ನೋಡಬಹುದು. ಹಿಂದಿನ ತಿಂಗಳ 3ಬಿ ಬಾಕಿ ಇರುವವರಿಗೆ ಮುಂದಿನ ತಿಂಗಳ ಜಿಎಸ್‌ಟಿಆರ್-1 ಸಲ್ಲಿಸಲು ನಿಯಮ ಬಿಡುವುದಿಲ್ಲ. ಅಂದರೆ ಫೆಬ್ರವರಿಯಲ್ಲೂ ಅದೇ ಡೀಲರ್‌ನಿಂದ ಸರಕು ತರಿಸಿದ್ದರೆ, ಆ ಬಿಲ್ಲು ಮಾರ್ಚ್ 14ರ 2ಬಿ ಪಟ್ಟಿಯಲ್ಲಿ ಕಾಣಿಸದೆ ಹೋಗುವುದೇ ಎಚ್ಚರಿಕೆಯ ಗಂಟೆ. ಆಗ ಬಾಕಿ ಹಣವನ್ನು ತಡೆಹಿಡಿಯಲು ಇನ್ನೂ ಅವಕಾಶವಿರುತ್ತದೆ.

ಆದರೆ ಈ ತಪಾಸಣೆಗೆ ಮಿತಿಯಿದೆ. 3ಬಿ ಸಲ್ಲಿಕೆಯಾಗಿದೆ ಎಂದಷ್ಟೇ ಪರದೆ ತೋರಿಸುತ್ತದೆ. ಅದರೊಳಗೆ ಡೀಲರ್ ನಿಮ್ಮ ಬಿಲ್ಲನ್ನು ಸೇರಿಸಿದ್ದಾನೋ ಇಲ್ಲವೋ, ನಕಲಿ ಕ್ರೆಡಿಟ್ ಬಳಸಿ ತೆರಿಗೆ ತೀರಿಸಿದ್ದಾನೋ ಎಂಬುದು ಕೊಂಡವನಿಗೆ ಕಾಣುವುದಿಲ್ಲ.

2022ರ ಡಿಸೆಂಬರ್‌ನಲ್ಲಿ ಬಂದ 37ಎ ನಿಯಮ ಇಲ್ಲಿ ಅರ್ಧ ದಾರಿಯ ಪರಿಹಾರ ಕೊಡುತ್ತದೆ. 2022-23ರ ವ್ಯವಹಾರಕ್ಕೆ 2023ರ ಸೆಪ್ಟೆಂಬರ್ 30ರವರೆಗೂ ಡೀಲರ್ ತನ್ನ 3ಬಿ ಸಲ್ಲಿಸದಿದ್ದರೆ ವರ್ಕ್‌ಶಾಪಿನವರು ನವೆಂಬರ್ 30ರೊಳಗೆ ಐಟಿಸಿಯನ್ನು ಹಿಂದಿರುಗಿಸಬೇಕು. ಆ ದಿನದೊಳಗೆ ಹಿಂದಿರುಗಿಸಿದರೆ ಬಡ್ಡಿಯಿಲ್ಲ. ಮುಂದೆ ಡೀಲರ್ ರಿಟರ್ನ್ ಸಲ್ಲಿಸಿದಾಗ ಮತ್ತೆ ಪಡೆಯಬಹುದು. ಡೀಲರ್ ಕೊನೆಗೂ ಬಾರದಿದ್ದರೆ ಹಣ ಹೋದಂತೆಯೇ. ಅದನ್ನು ಅವನಿಂದ ವಸೂಲು ಮಾಡಲು ಸಿವಿಲ್ ದಾವೆ ಹೂಡಬೇಕು.

ನೋಟಿಸು ಬಂದರೆ ಉತ್ತರದ ಜೊತೆ ಹೋಗಬೇಕಾದವು ಬಿಲ್ಲು, ಇ-ವೇ ಬಿಲ್, ಲಾರಿ ಬಾಡಿಗೆಯ ರಸೀತಿ, ತೂಕದ ಚೀಟಿ, ವರ್ಕ್‌ಶಾಪಿನ ದಾಸ್ತಾನು ಪುಸ್ತಕ, ಬ್ಯಾಂಕಿನ ವಿವರ ಮತ್ತು ಖರೀದಿಯ ದಿನ ಡೀಲರ್‌ನ ನೋಂದಣಿ ಚಾಲ್ತಿಯಲ್ಲಿತ್ತು ಎಂಬ ಪೋರ್ಟಲಿನ ಪ್ರತಿ. ಆದೇಶ ವಿರುದ್ಧವಾದರೆ ಮೂರು ತಿಂಗಳೊಳಗೆ 107ನೇ ಕಲಮಿನಡಿ ಮೇಲ್ಮನವಿ ಸಲ್ಲಿಸಬೇಕು. ಸಕಾರಣವಿದ್ದರೆ ಇನ್ನೊಂದು ತಿಂಗಳ ವಿನಾಯಿತಿ ಸಿಗಬಹುದು. ವಿವಾದದ ತೆರಿಗೆಯ ಶೇ 10, ನಮ್ಮ ಲೆಕ್ಕದಲ್ಲಿ 18,000 ರೂಪಾಯಿ ಮುಂಗಡ ಕಟ್ಟಬೇಕು. ಅಲ್ಲೂ ಸೋತರೆ ಮುಂದಿನ ಮೆಟ್ಟಿಲು 2025ರ ಸೆಪ್ಟೆಂಬರ್‌ನಲ್ಲಿ ಉದ್ಘಾಟನೆಯಾದ ಜಿಎಸ್‌ಟಿ ಮೇಲ್ಮನವಿ ನ್ಯಾಯಮಂಡಳಿ. ಅದಕ್ಕೂ ಮತ್ತೆ ಶೇ 10. ನೋಟಿಸನ್ನು ಪೋರ್ಟಲಿಗೆ ಹಾಕಿ ಸುಮ್ಮನಾಗುವ ರೂಢಿಯಿಂದ ಎಷ್ಟೋ ಸಣ್ಣ ವ್ಯಾಪಾರಿಗಳು ಅದನ್ನು ನೋಡದೆ, ಉತ್ತರಿಸದೆ, ಮೇಲ್ಮನವಿಯ ಗಡುವನ್ನೂ ಕಳೆದುಕೊಳ್ಳುತ್ತಾರೆ.

ಮೊದಲು ಯಾರ ಬಾಗಿಲು?

ಇಷ್ಟೆಲ್ಲ ಓದಿದ ಮೇಲೆ ನನ್ನ ನಿಲುವು ಸ್ಪಷ್ಟ. ಡೀಲರ್‌ನಿಂದ ವಸೂಲು ಮಾಡಲು ಇಲಾಖೆಗೆ ಅಧಿಕಾರ ಕಡಿಮೆಯಿಲ್ಲ. ತೆರಿಗೆ ಎಂದು ಸಂಗ್ರಹಿಸಿದ್ದನ್ನು ಸರ್ಕಾರಕ್ಕೆ ಕಟ್ಟಲೇಬೇಕೆಂದು 76ನೇ ಕಲಂ ಹೇಳುತ್ತದೆ. ಜಿಎಸ್‌ಟಿಆರ್-1ರಲ್ಲಿ ತಾನೇ ಒಪ್ಪಿಕೊಂಡು 3ಬಿಯಲ್ಲಿ ಕಟ್ಟದ ತೆರಿಗೆಯನ್ನು ನಿರ್ಧರಣೆಯ ನೋಟಿಸಿನ ದಾರಿ ಹಿಡಿಯದೆ ನೇರವಾಗಿ ವಸೂಲು ಮಾಡಲು 75(12)ನೇ ಕಲಮಿನ ವಿವರಣೆ ಅವಕಾಶ ಕೊಡುತ್ತದೆ. ಬ್ಯಾಂಕ್ ಖಾತೆ ಹಿಡಿಯುವ, ಆಸ್ತಿ ಜಪ್ತಿ ಮಾಡುವ ಬಲ 79ನೇ ಕಲಮಿನಲ್ಲಿದೆ. ಶಿವಮೊಗ್ಗದ ಬೀರು ತಯಾರಕರಿಗೆ ಈ ಯಾವ ಬಲವೂ ಇಲ್ಲ. ಬಲವಿದ್ದವರು ಅದನ್ನು ಬಳಸದೆ, ವಿಳಾಸ ಗೊತ್ತಿರುವ, ಕಟ್ಟುವ ಶಕ್ತಿಯಿರುವ ವ್ಯಾಪಾರಿಯ ಬಾಗಿಲು ತಟ್ಟುವುದು ನ್ಯಾಯವಲ್ಲ. ಡೀಲರ್ ತಲೆಮರೆಸಿಕೊಂಡಾಗ, ವ್ಯಾಪಾರ ಮುಚ್ಚಿದಾಗ, ಆಸ್ತಿಯೇ ಇಲ್ಲದಾಗ ಮಾತ್ರ ಕೊಂಡವನ ಬಳಿಗೆ ಹೋಗಬಹುದು ಎಂದು 2018ರ ಮೇ 4ರ ಜಿಎಸ್‌ಟಿ ಮಂಡಳಿಯ ಪತ್ರಿಕಾ ಪ್ರಕಟಣೆಯೇ ಹೇಳಿತ್ತು. ಕಲ್ಕತ್ತಾ ಹೈಕೋರ್ಟ್ ನೆಚ್ಚಿದ್ದು ಅದನ್ನೇ. ಆದರೆ ಪತ್ರಿಕಾ ಪ್ರಕಟಣೆ ಕಾಯ್ದೆಯ ಪದಗಳನ್ನು ಬದಲಿಸಲಾರದು.

ಈ ಕ್ರಮವನ್ನು ಶಾಸಕಾಂಗವೇ 16(2)(ಸಿ)ಯೊಳಗೆ ಬರೆಯಬೇಕು. ಮಾರಾಟ ನಿಜವೆಂದು ರುಜುವಾತು ಮಾಡುವ ಹೊಣೆ ಕೊಂಡವನ ಮೇಲಿರಲಿ, ಅದನ್ನು ಬಿಗಿಯಾಗಿಯೇ ಕೇಳಲಿ. ಆ ಪರೀಕ್ಷೆಯಲ್ಲಿ ಗೆದ್ದವನಿಂದ ಹಣ ಕೇಳುವ ಮೊದಲು ಮಾರಿದವನ ಮೇಲೆ ಏನು ಕ್ರಮ ಕೈಗೊಂಡೆವು, ಅದು ಯಾಕೆ ಫಲಿಸಲಿಲ್ಲ ಎಂಬುದನ್ನು ಅಧಿಕಾರಿ ನೋಟಿಸಿನಲ್ಲೇ ತೋರಿಸುವಂತಾಗಲಿ. ಅಲ್ಲಿಯವರೆಗೆ ಹೈಕೋರ್ಟುಗಳ ಭಿನ್ನ ದಾರಿಗಳ ನಡುವೆ ವಾದಿಸಬೇಕಾದ ವಕೀಲರು ಪ್ರತಿ ಕಡತವನ್ನೂ ಎರಡು ಪ್ರಶ್ನೆಗಳಿಂದಲೇ ತೆರೆಯಬೇಕು. ಸರಕು ಬಂದಿತ್ತೇ? ಬಂದಿದ್ದರೆ, ಮಾರಿದವನನ್ನು ಯಾರಾದರೂ ಕೇಳಿದ್ದಾರೆಯೇ?